ಸಿಖ್ ಮದುವೆಯಲ್ಲಿ ಅಕ್ಷತೆ ಹಾಕೋದು ಯಾವಾಗ?

ಪ್ರಶ್ನೆ: ಆಫೀಸಿನ ಗೆಳೆಯನ ಮದುವೆಗೆ ಲುಧಿಯಾನಕ್ಕೆ ಹೊರಟಿದ್ದೇವೆ. ಗುರುದ್ವಾರದಲ್ಲಿ ಯಾವುದಾದ ಮೇಲೆ ಯಾವುದು ನಡೆಯುತ್ತೆ? ಮುಹೂರ್ತ ಎಷ್ಟು ಹೊತ್ತಿಗೆ, ಅಕ್ಷತೆ ಯಾವಾಗ ಹಾಕಬೇಕು? ನಾಲ್ಕು ಸುತ್ತು ಅಂದ್ರೆ ಧರ್ಮ, ಅರ್ಥ, ಕಾಮ, ಮೋಕ್ಷ ತಾನೆ?

ಉತ್ತರ: ಪ್ರತಿ ವರ್ಷ ಮದುವೆ ಸೀಸನ್ ಶುರುವಾದ ಕೂಡಲೇ ಈ ಪ್ರಶ್ನೆ ಬರುತ್ತೆ, ಕೊನೆಯ ಸಾಲೂ ಸೇರಿ. ಆ ಸಾಲಿನ ವಿಚಾರ ಆಮೇಲೆ.

ಅಕ್ಷತೆ ಇಲ್ಲ. ಮುಹೂರ್ತವೂ ಇಲ್ಲ. ಜಾತಕ ನೋಡಿ ಮದುವೆ ದಿನ ಗೊತ್ತು ಮಾಡಬಾರದು ಅಂತ ಸಿಖ್ಖರ ನಡಾವಳಿಯ ನಿಯಮ, ಅಂದರೆ ರೆಹತ್ ಮರ್ಯಾದಾ, ನೇರವಾಗಿ ಹೇಳುತ್ತೆ. ಕಾರ್ಡಿನಲ್ಲಿರುವ ಹೊತ್ತು ಬರೀ ಏರ್ಪಾಡಿನ ಹೊತ್ತು. ಬಾರಾತ್, ಅಂದರೆ ವರನ ದಿಬ್ಬಣ, ಒಂದು ಗಂಟೆ ತಡವಾಗಿ ಬಂದರೆ ಯಾರೂ ಗಾಬರಿಯಾಗಲ್ಲ. ಆದರೆ ಮದುವೆ ನಡೆಯೋದು ಸಾಮಾನ್ಯವಾಗಿ ಮಧ್ಯಾಹ್ನದ ಒಳಗೇ.

ಮೊದಲು ಗುರುದ್ವಾರದ ಬಾಗಿಲಲ್ಲಿ ಮಿಲ್ನಿ. ಚಿಕ್ಕದೊಂದು ಪ್ರಾರ್ಥನೆ ಆದಮೇಲೆ ಎರಡೂ ಕಡೆಯವರು ಜೋಡಿ ಜೋಡಿಯಾಗಿ ಭೇಟಿಯಾಗ್ತಾರೆ. ಅಪ್ಪನಿಗೆ ಅಪ್ಪ, ಸೋದರಮಾವನಿಗೆ ಸೋದರಮಾವ. ಹಾರ ಹಾಕಿ ತಬ್ಬಿಕೊಂಡು, ಒಬ್ಬರನ್ನೊಬ್ಬರು ಎತ್ತೋಕೂ ನೋಡ್ತಾರೆ. ನಿಮಗೆ ಅಲ್ಲಿ ಕೆಲಸವಿಲ್ಲ, ನೋಡಿ ನಗಬಹುದು. ಆಮೇಲೆ ಚಹಾ, ಪಕೋಡ. ಹೊಟ್ಟೆ ತುಂಬಾ ತಿನ್ನಬೇಡಿ, ಲಂಗರ್, ಅಂದರೆ ಗುರುದ್ವಾರದ ಊಟ, ಇನ್ನೂ ಇದೆ.

ದರ್ಬಾರ್ ಹಾಲಿನಲ್ಲಿ ಎಲ್ಲರೂ ನೆಲದ ಮೇಲೆ ಕೂರ್ತಾರೆ. ವರ ಗುರು ಗ್ರಂಥ ಸಾಹಿಬ್‌ನ ಮುಂದೆ ಬಂದು ಕೂತ ಮೇಲೆ ವಧು ಬಂದು ಅವನ ಎಡಕ್ಕೆ ಕೂರ್ತಾಳೆ. ಮೊದಲ ಅರ್ದಾಸ್‌ಗೆ, ಅಂದರೆ ನಿಂತು ಮಾಡುವ ಪ್ರಾರ್ಥನೆಗೆ, ವಧು-ವರ ಮತ್ತು ಅವರ ತಂದೆ-ತಾಯಿ ಮಾತ್ರ ಏಳಬೇಕು. ಹೊಸಬರು ಗಡಬಡಿಸಿ ಎದ್ದು ನಿಲ್ಲೋದು ಇಲ್ಲೇ, ಹಿಂದೆ ಕೂತ ಯಾರೋ ಆಂಟಿ ಸೆರಗು ಹಿಡಿದು ಕೂರಿಸೋದೂ ಇಲ್ಲೇ. ಇದಾದ ಮೇಲೆ ಪಲ್ಲಾ. ವರನ ಹೆಗಲ ಮೇಲಿರುವ ಉದ್ದನೆಯ ಬಟ್ಟೆಯ ತುದಿಯನ್ನು ವಧುವಿನ ತಂದೆ ಮಗಳ ಕೈಗೆ ಕೊಡ್ತಾರೆ. ನಿಂದೆ-ಸ್ತುತಿ ಎಲ್ಲ ಬಿಟ್ಟೆ, ಬೇರೆ ನಂಟು ಸುಳ್ಳೆಂದು ಕಂಡೆ, ನಿನ್ನ ಸೆರಗು ಹಿಡಿದೆ ಅನ್ನೋ ಅರ್ಥದ ಶಬದ್, ಅಂದರೆ ಗ್ರಂಥದ ಪದ್ಯ, ಹಾಡ್ತಾರೆ. ಗಟ್ಟಿಗ ಅಪ್ಪಂದಿರೂ ಕಣ್ಣೊರೆಸಿಕೊಳ್ಳೋದು ಇಲ್ಲಿ.

ಮುಂದಿನದೇ ನಾಲ್ಕು ಲಾವಾಂ, ಅಂದರೆ ನಾಲ್ಕು ಪದ್ಯ, ನಾಲ್ಕು ಸುತ್ತು. ಗ್ರಂಥ ಓದುವ ಗ್ರಂಥಿ ಒಂದು ಪದ್ಯ ಓದ್ತಾರೆ. ಜೋಡಿ ತಲೆಬಾಗಿ ಏಳುತ್ತೆ. ರಾಗಿಗಳು ಅನ್ನೋ ಗಾಯಕರು ಅದೇ ಪದ್ಯ ಹಾಡುವಾಗ ವರ ಮುಂದೆ, ಪಲ್ಲಾ ಹಿಡಿದ ವಧು ಹಿಂದೆ, ಗ್ರಂಥದ ಸುತ್ತ ಒಂದು ಸುತ್ತು. ದಿಕ್ಕು ನಮ್ಮ ಪ್ರದಕ್ಷಿಣೆಯದೇ. ಹಾಡು ಮುಗಿಯೋದಕ್ಕೂ ಅವರು ಮುಂದಕ್ಕೆ ಬಂದು ತಲುಪೋದಕ್ಕೂ ಸರಿಹೋಗಬೇಕು. ವರ ಅವಸರಪಟ್ಟರೆ ಹಾಡು ಮುಗಿಯೋವರೆಗೆ ಸುಮ್ನೆ ನಿಲ್ಲಬೇಕಾಗುತ್ತೆ. ಸುತ್ತಲೂ ನಿಂತು ವಧುವಿಗೆ ಕೈಕೊಟ್ಟು ದಾಟಿಸುವ ಅಣ್ಣತಮ್ಮಂದಿರು ರೂಢಿಯಿಂದ ಬಂದವರು. ಅವರು ಇರಲೇಬೇಕು ಅಂತೇನಿಲ್ಲ.

ಈಗ ಆ ಕೊನೆಯ ಸಾಲು. ಸಪ್ತಪದಿಯಲ್ಲಿ ಮೂರು ಕಳೆದು ನಾಲ್ಕು ಉಳಿಸಿಕೊಂಡರು, ಅಗ್ನಿಯ ಜಾಗದಲ್ಲಿ ಗ್ರಂಥ ಇಟ್ಟರು, ನಾಲ್ಕು ಸುತ್ತು ಅಂದರೆ ನಾಲ್ಕು ಪುರುಷಾರ್ಥ: ಈ ವಿವರಣೆ ಎಷ್ಟು ಅಚ್ಚುಕಟ್ಟಾಗಿದೆ ಅಂದ್ರೆ ಯಾರೂ ಪದ್ಯ ತೆಗೆದು ನೋಡುವುದೇ ಇಲ್ಲ. ನೋಡೋಣ. ಇವು ನಾಲ್ಕನೇ ಗುರು ರಾಮದಾಸರು ಸೂಹಿ ರಾಗದಲ್ಲಿ ರಚಿಸಿದ ಪದ್ಯಗಳು, ಗ್ರಂಥದ 773 ಮತ್ತು 774ನೇ ಪುಟದಲ್ಲಿವೆ. ಮೊದಲನೆಯದರಲ್ಲಿ ಸಂಸಾರದ ಕರ್ತವ್ಯದ ಮಾತಿದೆ, 'ಧರ್ಮ' ಅನ್ನೋ ಪದವೂ ಬರುತ್ತೆ. ತಪ್ಪು ಅಂಟಿಕೊಂಡಿರೋದೇ ಇಲ್ಲಿಂದ. ಧರ್ಮ ಸಿಕ್ಕಿತಲ್ಲ, ಇನ್ನು ಮೂರು ತಾವಾಗೇ ಬರುತ್ತವೆ ಅಂತ ಜನ ಓದು ನಿಲ್ಲಿಸ್ತಾರೆ. ಬರಲ್ಲ. ಎರಡನೆಯದರಲ್ಲಿ ಅರ್ಥವೂ ಇಲ್ಲ, ಸಂಪತ್ತೂ ಇಲ್ಲ. ಸದ್ಗುರು ಸಿಕ್ಕಿದ, ಭಯ ಹೋಯಿತು, ನಾನು ಅನ್ನೋ ಕೊಳೆ ತೊಳೆಯಿತು ಅನ್ನುತ್ತೆ. ಮೂರನೆಯದು ಕಾಮದ ಜಾಗ ಅಲ್ವಾ? ಅಲ್ಲಿರೋದು ವೈರಾಗ್ಯ! ಮನಸ್ಸಿನಲ್ಲಿ ಹರಿಯ ಹಂಬಲ ಎದ್ದು ಅದು ಬೈರಾಗಿಯಾಗುವ ಪದ್ಯ ಅದು. ನಾಲ್ಕನೆಯದರಲ್ಲಿ ಮನಸ್ಸು ಸಹಜಕ್ಕೆ ಬಂದು ಹರಿ ಸಿಗ್ತಾನೆ. ಇದನ್ನೊಂದನ್ನು ಬೇಕಾದರೆ ಮೋಕ್ಷ ಅಂತ ಎಳೆದು ತರಬಹುದು. ಆದರೆ ನಾಲ್ಕರಲ್ಲಿ ನಡುವಿನ ಎರಡೂ ಬಿದ್ದುಹೋದ ಮೇಲೆ ಆ ಲೆಕ್ಕ ನಿಲ್ಲೋದು ಹೇಗೆ?

ಇನ್ನೂ ಒಂದು ಮಾತು. ಈ ನಾಲ್ಕರಲ್ಲಿ ಎಲ್ಲೂ ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ ಕೊಡುವ ಮಾತಿಲ್ಲ. ನಾತಿಚರಾಮಿಯಂಥದ್ದನ್ನು ಹುಡುಕಬೇಡಿ. ಇಲ್ಲಿ ವಧು ಅಂದರೆ ಜೀವ, ವರ ಅಂದರೆ ಹರಿ. ಶರಣಸತಿ ಲಿಂಗಪತಿ ಅಂತ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಕ್ಕನ ವಚನ ಗೊತ್ತಿದ್ದವರು ಪುರುಷಾರ್ಥದ ಪಟ್ಟಿ ಹಿಡಿದು ಬರೋದೇ ನನಗೆ ಆಶ್ಚರ್ಯ.

ಅಗ್ನಿಯ ವಿಚಾರದಲ್ಲಿ ಮಾತ್ರ ಅಷ್ಟು ಸಲೀಸಾಗಿ ಹೇಳೋಕಾಗಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಎಷ್ಟೋ ಸಿಖ್ ಮನೆಗಳಲ್ಲಿ ಪುರೋಹಿತರೇ ಅಗ್ನಿ ಮುಂದೆ ಮದುವೆ ಮಾಡಿಸ್ತಿದ್ದರು. ಅದನ್ನು ಬಿಡಿಸಲು ರಾವಲ್ಪಿಂಡಿಯ ಬಾಬಾ ದಯಾಳ್ ಅವರ ನಿರಂಕಾರಿ ಪಂಥದವರು ದುಡಿದರು. ಕಡೆಗೆ 1909ರಲ್ಲಿ ಆನಂದ್ ವಿವಾಹ ಕಾಯ್ದೆ ಬಂದು ಆನಂದ್ ಕಾರಜ್‌ಗೆ, ಅಂದರೆ ಈ ಸಿಖ್ ಮದುವೆಯ ವಿಧಿಗೆ, ಕಾನೂನಿನ ಬೆಂಬಲ ಸಿಕ್ಕಿತು. ನಾಮಧಾರಿ ಸಿಖ್ಖರು ಇವತ್ತಿಗೂ ಇದೇ ಲಾವಾಂ ಹಾಡಿಸಿ ಅಗ್ನಿ ಸುತ್ತುತ್ತಾರೆ. ಅಲ್ಲೂ ಪದ್ಯದ ಅರ್ಥ ಬದಲಾಗಲ್ಲ.

ನಾಲ್ಕನೇ ಸುತ್ತು ಮುಗಿದರೆ ಮದುವೆ ಆದಂತೆ. ಕೈ ತುರಿಸೋದು ಇದೇ ಹೊತ್ತಿಗೆ. ಕೆಲವರು ಹೂವಿನ ಎಸಳು ಎರಚೋದುಂಟು, ಎಷ್ಟೋ ಗುರುದ್ವಾರಗಳಲ್ಲಿ ಒಪ್ಪಲ್ಲ. ಅಕ್ಕಿಯಂತೂ ಬೇಡವೇ ಬೇಡ. ಇನ್ನೂ ಆನಂದ್ ಸಾಹಿಬ್ ಅನ್ನೋ ಸ್ತೋತ್ರದ ಆರು ಪದ್ಯ ಇದೆ. ಅದಾದ ಮೇಲಿನ ಅರ್ದಾಸ್‌ಗೆ ನೀವೂ ಏಳಬೇಕು, ಎಲ್ಲರೂ ಏಳ್ತಾರೆ. ಗ್ರಂಥ ತೆರೆದು ಅಲ್ಲಿ ಸಿಕ್ಕ ಪದ್ಯ ಓದ್ತಾರೆ, ಅದೇ ಹುಕಮ್‌ನಾಮಾ. ಕೊನೆಗೆ ಕಡಾಹ್ ಪ್ರಸಾದ್: ಗೋಧಿ ಹಿಟ್ಟು, ಸಕ್ಕರೆ, ತುಪ್ಪ ಸಮಸಮ. ಕೂತಲ್ಲೇ ಎರಡೂ ಕೈ ಬೊಗಸೆ ಮಾಡಿ ಹಿಡೀರಿ. ಬೇಡ ಅನ್ನಬೇಡಿ, ತುಪ್ಪ ಜಾಸ್ತಿ ಅನ್ನಿಸಿದರೆ ಸ್ವಲ್ಪ ಸಾಕು ಅನ್ನಿ.

ಯಾರೂ ಕೇಳದಿದ್ದರೂ ಇದನ್ನು ಹೇಳಲೇಬೇಕು: ಮುಯ್ಯಿ ಎಲ್ಲಿ ಕೊಡೋದು? ಗ್ರಂಥದ ಮುಂದೆ ಒಂದು ಪೆಟ್ಟಿಗೆ ಇರುತ್ತೆ, ಗೋಲಕ್. ಎಲ್ಲರೂ ನಮಸ್ಕಾರ ಮಾಡಿ ಹತ್ತೋ ಇಪ್ಪತ್ತೋ ಹಾಕ್ತಿರ್ತಾರೆ. ಅದನ್ನು ನೋಡಿ ನಮ್ಮವರು ಹೆಸರು ಬರೆದ ದಪ್ಪ ಲಕೋಟೆಯನ್ನೇ ಅದಕ್ಕೆ ತೂರಿಸಿಬಿಡ್ತಾರೆ. ಅದು ಗುರುದ್ವಾರದ ಹಣ, ಮದುಮಕ್ಕಳದ್ದಲ್ಲ. ಲಂಗರ್‌ಗೂ ನಿರ್ವಹಣೆಗೂ ಹೋಗುತ್ತೆ. ಹಾಕಿದ್ದನ್ನು ವಾಪಸ್ ಕೇಳೋದು ಚೆನ್ನಾಗಿರಲ್ಲ. ಲಕೋಟೆಗೆ ಅಲ್ಲಿ ಶಗುನ್ ಅಂತಾರೆ. 501, 1101 ಹೀಗೆ ಒಂದು ರೂಪಾಯಿ ಸೇರಿಸಿ ಇಡೋದು ರೂಢಿ, ಹೆಚ್ಚಿನ ಲಕೋಟೆಗಳ ಮೇಲೆ ನಾಣ್ಯ ಅಂಟಿಸಿಯೇ ಮಾರ್ತಾರೆ. ನೀವು ವರನ ಕಡೆಯವರಾದರೆ ಅವನ ಅಪ್ಪ-ಅಮ್ಮನ ಕೈಗೆ ಹೊರಗಡೆ ಕೊಡಿ, ಇಲ್ಲವೇ ಸಂಜೆ ರಿಸೆಪ್ಷನ್‌ವರೆಗೆ ಜೇಬಲ್ಲೇ ಇರಲಿ. ಗೋಲಕ್‌ಗೆ ಹಾಕಲು ಬೇರೆ ಚಿಲ್ಲರೆ ಇಟ್ಟುಕೊಳ್ಳಿ.