ಆಫೀಸಿನೊಳಗೆ ಮಾತ್ರ ಮೇಲ್ ಬರದಿದ್ದರೆ

ಮೊಬೈಲ್ ಡೇಟಾದಲ್ಲಿ ಮೇಲ್ ಚೆನ್ನಾಗಿ ಬರುತ್ತದೆ. ಆಫೀಸಿನ ವೈಫೈಗೆ ಸೇರಿಕೊಂಡ ಕೂಡಲೇ ನಿಂತುಹೋಗುತ್ತದೆ. ಮೇಲ್ ಸರ್ವರ್ ಇರುವುದೇ ಪಕ್ಕದ ಕೋಣೆಯಲ್ಲಿ! ಸ್ವಂತ ಸರ್ವರ್ ಇಟ್ಟುಕೊಂಡ ಸಣ್ಣ ಸಂಸ್ಥೆಗಳಲ್ಲಿ ಇದು ಆಗಾಗ ಎದುರಾಗುವ ತೊಂದರೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಸರ್ವರ್ ಹೆಸರು `mail.example.com`. ಹೊರಗಿನವರಿಗೆ ಅದರ ವಿಳಾಸ 203.0.113.25. ನಿಜವಾಗಿ ಈ ವಿಳಾಸ ಇರುವುದು ರೌಟರ್ ಮೇಲೆ. ಸರ್ವರ್ ಒಳಗೆ 192.168.10.20ರಲ್ಲಿದೆ. ಹೊರಗಿನಿಂದ ಬಂದ ಪ್ಯಾಕೆಟ್ಟುಗಳ ಮೇಲೆ ರೌಟರ್ ಈ ಒಳ ವಿಳಾಸವನ್ನು ಬರೆದು ಒಳಗೆ ಕಳಿಸುತ್ತದೆ.

ಈಗ ಒಳಗಿರುವ 192.168.10.45 ಎಂಬ ಲ್ಯಾಪ್‌ಟಾಪ್ ಮೇಲ್ ತೆರೆಯುತ್ತದೆ. ಡಿಎನ್‌ಎಸ್ ಅದಕ್ಕೂ ಹೊರಗಿನ ವಿಳಾಸವನ್ನೇ ಕೊಡುತ್ತದೆ. ಪ್ಯಾಕೆಟ್ ರೌಟರ್‌ಗೆ ಹೋಗುತ್ತದೆ, ವಿಳಾಸ ಬದಲಾಗಿ ಸರ್ವರ್‌ಗೆ ತಲುಪುತ್ತದೆ. ಕಳಿಸಿದವರು ಯಾರು ಎಂದು ಸರ್ವರ್ ನೋಡಿದರೆ 192.168.10.45, ಅಂದರೆ ತನ್ನದೇ ನೆಟ್‌ವರ್ಕಿನ ಯಂತ್ರ. ಹಾಗಾಗಿ ಉತ್ತರವನ್ನು ರೌಟರ್ ಮೂಲಕ ಕಳಿಸದೆ ನೇರವಾಗಿ ಕೊಟ್ಟುಬಿಡುತ್ತದೆ. ಲ್ಯಾಪ್‌ಟಾಪ್ ಮಾತಾಡಿಸಿದ್ದು 203.0.113.25 ಅನ್ನು, ಉತ್ತರ ಬಂದದ್ದು 192.168.10.20ರಿಂದ. ಇದು ನಾನು ಕೇಳಿದ ಉತ್ತರವಲ್ಲ ಎಂದು ಅದು ತಳ್ಳಿಹಾಕುತ್ತದೆ. ಸಂಪರ್ಕ ಏರ್ಪಡುವುದೇ ಇಲ್ಲ.

ಇದಕ್ಕೆ ರೌಟರಿನಲ್ಲೇ ಹೇರ್‌ಪಿನ್ ನ್ಯಾಟ್ ಎಂಬ ಮದ್ದಿದೆ. ಕಳಿಸಿದವರ ವಿಳಾಸವನ್ನೂ ರೌಟರ್ ತನ್ನದಕ್ಕೆ ಬದಲಿಸುತ್ತದೆ, ಉತ್ತರ ಅದರ ಮೂಲಕವೇ ವಾಪಸು ಬರುತ್ತದೆ. ಮೇಲ್ ಸರ್ವರ್ ವಿಷಯದಲ್ಲಿ ನನಗಿದು ಅಷ್ಟು ಇಷ್ಟವಿಲ್ಲ. ಆಗ ಸರ್ವರಿನ ಲಾಗ್‌ನಲ್ಲಿ ಆಫೀಸಿನ ಎಲ್ಲರೂ ರೌಟರಿನ ಒಂದೇ ವಿಳಾಸದಿಂದ ಬಂದಂತೆ ಕಾಣುತ್ತಾರೆ. ಯಾರದೋ ಫೋನಿನಲ್ಲಿ ಹಳೆಯ ಪಾಸ್‌ವರ್ಡ್ ಉಳಿದಿದೆ ಎಂದುಕೊಳ್ಳಿ. ಅದು ಮತ್ತೆ ಮತ್ತೆ ತಪ್ಪು ಪಾಸ್‌ವರ್ಡ್ ಕೊಡುತ್ತದೆ. ಸರ್ವರಿನಲ್ಲಿ `fail2ban` ಇದ್ದರೆ ಆ ವಿಳಾಸವನ್ನೇ ತಡೆಹಿಡಿಯುತ್ತದೆ. ಒಬ್ಬರ ಫೋನಿನಿಂದ ಇಡೀ ಆಫೀಸಿಗೆ ಮೇಲ್ ಬಂದ್!

ಅದಕ್ಕಿಂತ ಒಳಗಿನವರಿಗೆ ಒಳಗಿನ ವಿಳಾಸವನ್ನೇ ಹೇಳಿಬಿಡುವುದು ಸರಳ. ಒಂದೇ ಹೆಸರಿಗೆ, ಕೇಳುವವರು ಎಲ್ಲಿದ್ದಾರೆ ಎಂಬುದರ ಮೇಲೆ ಬೇರೆ ಬೇರೆ ಉತ್ತರ. ಇದೇ ಸ್ಪ್ಲಿಟ್-ಹೊರೈಜನ್ ಡಿಎನ್‌ಎಸ್. ಹೆಸರು ಬದಲಾಗುವುದಿಲ್ಲವಾದ್ದರಿಂದ ಫೋನಿನ ಸೆಟ್ಟಿಂಗ್ ಮುಟ್ಟಬೇಕಿಲ್ಲ. ಟಿಎಲ್‌ಎಸ್ ಸರ್ಟಿಫಿಕೇಟ್ ಹೆಸರಿಗೆ ಕೊಟ್ಟದ್ದು, ಅದೂ ಎರಡೂ ಕಡೆ ನಡೆಯುತ್ತದೆ.

ಆಫೀಸಿನೊಳಗೆ 192.168.10.2ರಲ್ಲಿ ಅನ್‌ಬೌಂಡ್ ಎಂಬ ಡಿಎನ್‌ಎಸ್ ತಂತ್ರಾಂಶ ಓಡುತ್ತಿದ್ದರೆ ಇಷ್ಟು ಸಾಕು:

```
server:
    local-data: "mail.example.com. 300 IN A 192.168.10.20"
```

ಇಲ್ಲಿ ಜಾಸ್ತಿ ಜನ ಎಡವುವುದು ಇಡೀ `example.com` ಅನ್ನೇ ಒಳಗಿನ ಸರ್ವರಿನಲ್ಲಿ ಮತ್ತೊಮ್ಮೆ ಬರೆಯಲು ಹೋಗಿ. ಹಾಗೆ ಮಾಡಿದರೆ ಒಳಗಿನವರ ಪಾಲಿಗೆ ಆ ಡೊಮೈನಿನ ಎಲ್ಲ ಹೆಸರಿಗೂ ಅದೇ ಕೊನೆಯ ಮಾತು. `www` ಬರೆಯಲು ಮರೆತರೆ ಆಫೀಸಿನಿಂದ ಸಂಸ್ಥೆಯ ವೆಬ್‌ಸೈಟೇ ತೆರೆಯುವುದಿಲ್ಲ. ಆಮೇಲೆ ಹೊರಗೆ ಏನು ಬದಲಿಸಿದರೂ ಒಳಗೆ ನೆನಪಿಟ್ಟುಕೊಂಡು ಬದಲಿಸಬೇಕು. ಮೇಲಿನ ಸಾಲು ಒಂದೇ ಹೆಸರನ್ನು ಮುಟ್ಟುತ್ತದೆ, ಉಳಿದದ್ದಕ್ಕೆ ಎಂದಿನಂತೆ ಹೊರಗಿನ ಉತ್ತರವೇ ಸಿಗುತ್ತದೆ.

300 ಎಂದರೆ ಉತ್ತರವನ್ನು ಎಷ್ಟು ಸೆಕೆಂಡು ನೆನಪಿಟ್ಟುಕೊಳ್ಳಬಹುದು ಎಂಬುದು. ಲ್ಯಾಪ್‌ಟಾಪ್ ಮನೆಗೆ ಹೋದಮೇಲೂ ಒಳಗಿನ ವಿಳಾಸವನ್ನೇ ಹಿಡಿದುಕೊಂಡಿದ್ದರೆ ಐದು ನಿಮಿಷದಲ್ಲಿ ಬಿಡಬೇಕು. ಇಲ್ಲಿ ಒಂದು ದಿನದ ಲೆಕ್ಕ, 86400, ಹಾಕಬೇಡಿ.

ಸರಿಯಾಯಿತೇ ಎಂದು ನೋಡಲು ಆಫೀಸಿನೊಳಗೆ ಕೂತು ಎರಡು ಸಲ ಕೇಳಿ:

```
dig +short mail.example.com @192.168.10.2
dig +short mail.example.com @8.8.8.8
```

ಮೊದಲನೆಯದಕ್ಕೆ 192.168.10.20, ಎರಡನೆಯದಕ್ಕೆ 203.0.113.25 ಬರಬೇಕು.

ಇಷ್ಟಾದರೂ ಕೆಲವರಿಗೆ ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ ಎಂದರೆ ಡಿಎಚ್‌ಸಿಪಿ ಹಂಚುತ್ತಿರುವ ಡಿಎನ್‌ಎಸ್ ಪಟ್ಟಿ ನೋಡಿ. ಮೊದಲನೆಯದು ಕೈಕೊಟ್ಟರೆ ಇರಲಿ ಎಂದು ಎರಡನೆಯದಾಗಿ 8.8.8.8 ಹಾಕಿರುತ್ತಾರೆ. ಆದರೆ ಎರಡನೆಯದನ್ನು ಯಾವಾಗ ಕೇಳಬೇಕೆಂದು ಪ್ರತಿ ಯಂತ್ರವೂ ತನ್ನದೇ ರೀತಿಯಲ್ಲಿ ತೀರ್ಮಾನಿಸುತ್ತದೆ, ಮೊದಲನೆಯದು ಚೆನ್ನಾಗಿದ್ದಾಗಲೂ ಅಲ್ಲಿಗೆ ಹೋಗಬಹುದು. ಎರಡನೆಯದು ಬೇಕೇ ಬೇಕೆಂದರೆ ಒಳಗೇ ಇನ್ನೊಂದು ಅನ್‌ಬೌಂಡ್ ಇಟ್ಟು ಅದೇ ಸಾಲನ್ನು ಬರೆಯಿರಿ. ಒಂದೇ ಒಂದು ಫೋನಿಗೆ ಮಾತ್ರ ತೊಂದರೆ ಇದ್ದು ಅದು ಆಂಡ್ರಾಯ್ಡ್ ಆಗಿದ್ದರೆ, ಪ್ರೈವೇಟ್ ಡಿಎನ್‌ಎಸ್ ಸೆಟ್ಟಿಂಗಿನಲ್ಲಿ ಯಾವುದಾದರೂ ಹೊರಗಿನ ಸೇವೆಯ ಹೆಸರಿದೆಯೇ ನೋಡಿ. ಇದ್ದರೆ ಆ ಫೋನು ಆಫೀಸಿನ ಡಿಎನ್‌ಎಸ್ ಅನ್ನು ಕೇಳುವುದೇ ಇಲ್ಲ.