ಸೆಕೆಂಡ್ ಮುಳ್ಳು ಜಾರಬೇಕೋ, ಜಿಗಿಯಬೇಕೋ?

ಅಕ್ಕನ ಮಗಳು ಶ್ರುತಿ ಧಾರವಾಡದಲ್ಲಿ ಡಿಗ್ರಿ ಮುಗಿಸಿ ಐರೋಲಿಯ ಒಂದು ಕಂಪನಿಗೆ ಸೇರಿದಳು. ಡೊಂಬಿವಲಿಯ ನಮ್ಮ ಮನೆಯಿಂದಲೇ ಓಡಾಟ. ಠಾಣೆಯಲ್ಲಿ ಇಳಿದು ಇನ್ನೊಂದು ಲೋಕಲ್ ಹಿಡಿಯಬೇಕು. ಮೊದಲ ಸಂಬಳ ಬಂದ ವಾರ, "ಮಾಮಾ, ಒಂದ್ ಛಲೋ ವಾಚ್ ತಗೋಬೇಕು, ಹತ್ತು ಸಾವಿರದೊಳಗ" ಅಂದಳು. ಮಳೆಗಾಲ ಶುರುವಾಗಲು ಮೂರು ವಾರ ಇತ್ತು.

ಅಂಗಡಿಯವನು ಎರಡು ವಾಚ್ ಮುಂದಿಟ್ಟ. ಒಂದು ಆಟೊಮ್ಯಾಟಿಕ್, ಇನ್ನೊಂದು ಸೆಲ್ ಹಾಕುವ ಕ್ವಾರ್ಟ್ಜ್. ಮೊದಲನೆಯದರ ಸೆಕೆಂಡ್ ಮುಳ್ಳು ಜಾರುತ್ತಾ ಹೋಗುತ್ತಿತ್ತು. ಎರಡನೆಯದು ಸೆಕೆಂಡಿಗೊಮ್ಮೆ ಟಕ್ ಅಂತ ಜಿಗಿಯುತ್ತಿತ್ತು. ಶ್ರುತಿಯ ಕಣ್ಣು ಜಾರುವ ಮುಳ್ಳಿನಿಂದ ಏಳಲೇ ಇಲ್ಲ. "ಎಣ್ಣ್ಯಾಗ ಹೊಂಟಂಗ ಹೊಂಟೈತಿ ನೋಡ್ ಮಾಮಾ!" ಸೆಲ್ ಬದಲಿಸುವ ರಗಳೆಯೇ ಇಲ್ಲ ಅಂತ ಅಂಗಡಿಯವನೂ ಒಗ್ಗರಣೆ ಹಾಕಿದ.

ಎರಡನ್ನೂ ಕಿವಿಗೆ ಹಿಡಿ ಅಂದೆ. ಆಟೊಮ್ಯಾಟಿಕ್ ವಾಚಿನ ಟಿಕ್ ಟಿಕ್ ಎಣಿಸಲಾಗದಷ್ಟು ವೇಗ. ಈ ಬೆಲೆಯ ಬಹುತೇಕ ಆಟೊಮ್ಯಾಟಿಕ್‌ಗಳು ಗಂಟೆಗೆ 21,600 ಸಲ ಬಡಿಯುತ್ತವೆ, ಅಂದರೆ ಸೆಕೆಂಡಿಗೆ 6. ಮುಳ್ಳು ಜಾರುತ್ತಿದೆ ಅನ್ನಿಸುವುದು ಕಣ್ಣಿನ ಮೋಸ. ಫೋನಿನ ಸ್ಲೋ ಮೋಷನ್ ವಿಡಿಯೊದಲ್ಲಿ ಹಿಡಿದು ತೋರಿಸಿದೆ. ಸೆಕೆಂಡಿಗೆ ಆರು ಪುಟ್ಟ ಕುಪ್ಪಳಿಕೆ ಕಾಣಿಸಿತು.

ಆ ಬಡಿತದ ಹಿಂದೆ ಇರುವುದು ಒಂದು ಪುಟ್ಟ ಚಕ್ರ ಮತ್ತು ಅದಕ್ಕೆ ಅಂಟಿದ, ಕೂದಲಿನಷ್ಟು ತೆಳ್ಳಗಿನ ಸುರುಳಿ ಸ್ಪ್ರಿಂಗ್. ಚಕ್ರ ಆಚೆ ತಿರುಗಿ ಈಚೆ ಬರುತ್ತದೆ, ಉಯ್ಯಾಲೆಯ ಹಾಗೆ. ಪ್ರತಿ ತೂಗಿಗೂ ಹಲ್ಲಿನ ಚಕ್ರ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಈ ಉಯ್ಯಾಲೆಗೆ ಎಲ್ಲದರ ಪ್ರಭಾವವೂ ತಟ್ಟುತ್ತದೆ. ವಾಚನ್ನು ಮಲಗಿಸಿದರೆ ಒಂದು ವೇಗ, ನಿಲ್ಲಿಸಿದರೆ ಇನ್ನೊಂದು. ಕೀ ಸಡಿಲವಾದಾಗ ಮತ್ತೊಂದು. ಅದಕ್ಕೇ ತಯಾರಕರು ಕಾಗದದಲ್ಲಿ ಮೊದಲೇ ಬರೆದಿರುತ್ತಾರೆ. ತುಂಬಾ ವಾಚುಗಳಲ್ಲಿ ಬಳಸುವ ಎನ್‌ಎಚ್ 35 ಅನ್ನುವ ಯಂತ್ರದ ಲೆಕ್ಕ ದಿನಕ್ಕೆ 20 ಸೆಕೆಂಡ್ ಹಿಂದೆಯಿಂದ 40 ಸೆಕೆಂಡ್ ಮುಂದೆವರೆಗೆ. ದಿನದಲ್ಲಿ 86,400 ಸೆಕೆಂಡ್ ಇವೆ. ಹಾಗೆ ನೋಡಿದರೆ ಸ್ಪ್ರಿಂಗ್ ಮತ್ತು ಹಲ್ಲುಗಳಿಂದ ಇಷ್ಟು ಸಾಧಿಸಿದ್ದೇ ದೊಡ್ಡದು. ಆದರೆ ದಿನಕ್ಕೆ 40 ಅಂದರೆ ವಾರಕ್ಕೆ 4 ನಿಮಿಷ 40 ಸೆಕೆಂಡ್. ಠಾಣೆಯ ಪ್ಲಾಟ್‌ಫಾರ್ಮ್ ಬದಲಿಸುವವರಿಗೆ ಇದು ಒಂದು ಗಾಡಿಯ ಮಾತು.

ಅದಕ್ಕಿಂತ ದೊಡ್ಡ ತೊಂದರೆ ಶನಿವಾರ, ಭಾನುವಾರದ್ದು. ಆಟೊಮ್ಯಾಟಿಕ್‌ಗೆ ಕೀ ಕೊಡುವುದು ನಮ್ಮ ಕೈಯ ಅಲುಗಾಟ. ಎನ್‌ಎಚ್ 35 ಪೂರ್ತಿ ಸುತ್ತಿದ್ದರೆ ಸುಮಾರು 41 ಗಂಟೆ ಓಡುತ್ತದೆ. ಶ್ರುತಿ ಶುಕ್ರವಾರ ಸಂಜೆ 7ಕ್ಕೆ ವಾಚ್ ಬಿಚ್ಚಿಟ್ಟಳು ಅನ್ನಿ. ಭಾನುವಾರ ಮಧ್ಯಾಹ್ನ 12ಕ್ಕೆ ಅದು ನಿಲ್ಲುತ್ತದೆ. ಸೋಮವಾರ ಬೆಳಿಗ್ಗೆ, ಡಬ್ಬಿ ಕಟ್ಟಿಕೊಂಡು ಓಡುವ ಹೊತ್ತಿನಲ್ಲಿ, ಸಮಯ ಮತ್ತು ತಾರೀಖು ಎರಡನ್ನೂ ತಿರುಗಿಸಬೇಕು. ಅದರಲ್ಲೂ ಮುಳ್ಳು ರಾತ್ರಿ 9ರಿಂದ ಬೆಳಗಿನ 3ರ ನಡುವೆ ಇದ್ದರೆ ತಾರೀಖು ಮುಟ್ಟಬಾರದು. ತಾರೀಖು ದಾಟಿಸುವ ಹಲ್ಲುಗಳು ಆಗ ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ. ಒತ್ತಾಯ ಮಾಡಿದರೆ ಮುರಿಯಬಹುದು. ಇನ್ನು ದಿನವಿಡೀ ಕೀಬೋರ್ಡ್ ಮುಂದೆ ಕೂತ ಕೈ ಎಷ್ಟು ಅಲುಗಾಡುತ್ತದೆ? ಹಾಗಾಗಿ ಆ 41 ಗಂಟೆಯೂ ಪೂರ್ತಿ ಸಿಗುವುದು ಅನುಮಾನ.

ಅಯಸ್ಕಾಂತದ ಕಥೆ ನನಗೇ ಆದದ್ದು. ಅಪ್ಪನ ಹಳೇ ಎಚ್‌ಎಂಟಿ ನನ್ನ ಹತ್ತಿರ ಇದೆ, ದಿನಾ ಬೆಳಿಗ್ಗೆ ಕೀ ಕೊಡುವಂಥದ್ದು. ಬೆಂಗಳೂರಿನಲ್ಲಿ 1961ರ ಸುಮಾರಿಗೆ ಜಪಾನಿನ ಸಿಟಿಜನ್ ಜತೆ ಸೇರಿ ಎಚ್‌ಎಂಟಿ ಶುರುಮಾಡಿದ ವಾಚುಗಳ ವಂಶ. ಒಂದು ರಾತ್ರಿ ಅದನ್ನು ಸ್ಪೀಕರ್ ಮೇಲೆ ಇಟ್ಟು ಮಲಗಿದೆ. ಮರುದಿನದಿಂದ ದಿನಕ್ಕೆ ಐದಾರು ನಿಮಿಷ ಮುಂದೆ ಓಡತೊಡಗಿತು. ಸುರುಳಿ ಸ್ಪ್ರಿಂಗಿನ ಸುತ್ತುಗಳು ಅಯಸ್ಕಾಂತದಿಂದಾಗಿ ಒಂದಕ್ಕೊಂದು ಅಂಟಿದ್ದವು. ಸ್ಪ್ರಿಂಗ್ ಗಿಡ್ಡವಾದಷ್ಟೂ ಉಯ್ಯಾಲೆ ಜೋರು. ಇದನ್ನು ಪತ್ತೆ ಮಾಡುವುದು ಸುಲಭ: ದಿಕ್ಸೂಚಿಯ ಹತ್ತಿರ ವಾಚ್ ತಂದಾಗ ಮುಳ್ಳು ಓಲಾಡಿದರೆ ಅನುಮಾನ ಪಡಬೇಕು. ರಿಪೇರಿಯವನು ಅಯಸ್ಕಾಂತದ ಗುಣ ತೆಗೆಯುವ ಯಂತ್ರದ ಮೇಲೆ ಹಿಡಿದು ಎರಡು ನಿಮಿಷದಲ್ಲಿ ಸರಿಮಾಡಿದ. ಶ್ರುತಿಯ ಬ್ಯಾಗಿನ ಗುಂಡಿ, ಇಯರ್‌ಫೋನ್ ಡಬ್ಬಿ, ಲ್ಯಾಪ್‌ಟಾಪ್ ಮುಚ್ಚಳ, ಎಲ್ಲದರಲ್ಲೂ ಅಯಸ್ಕಾಂತ ಇದೆ. ಕ್ವಾರ್ಟ್ಜ್ ವಾಚೂ ಅಯಸ್ಕಾಂತದ ಪಕ್ಕದಲ್ಲಿದ್ದಾಗ ನಿಂತುಬಿಡಬಹುದು. ಆದರೆ ದೂರ ಸರಿಸಿದ ಕೂಡಲೇ ಮೊದಲಿನಂತೆಯೇ ನಡೆಯುತ್ತದೆ, ಯಾಕೆಂದರೆ ಅದರ ಹರಳಿಗೆ ಅಯಸ್ಕಾಂತದ ಹಂಗಿಲ್ಲ.

ಆ ಹರಳನ್ನೇ ಸ್ವಲ್ಪ ನೋಡೋಣ. ಎರಡು ಕಾಲಿನ ಪುಟ್ಟ ಚಿಮಟದಂತೆ ಕತ್ತರಿಸಿದ ಕ್ವಾರ್ಟ್ಜ್ ಚೂರು ಅದು. ಸೆಲ್ಲಿನ ವಿದ್ಯುತ್ ಕೊಟ್ಟರೆ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ವಿಚಿತ್ರ ಸಂಖ್ಯೆ ಸುಮ್ನೆ ಬಂದದ್ದಲ್ಲ. ಅದನ್ನು ಅರ್ಧ ಮಾಡಿ, ಮತ್ತೆ ಅರ್ಧ ಮಾಡಿ, ಹೀಗೆ 15 ಸಲ ಮಾಡಿದರೆ ಸರಿಯಾಗಿ 1 ಉಳಿಯುತ್ತದೆ. ಅರ್ಧ ಮಾಡುವುದು ವಾಚಿನೊಳಗಿನ ಎಲೆಕ್ಟ್ರಾನಿಕ್ ಚಿಪ್‌ಗೆ ಅತಿ ಸುಲಭದ ಕೆಲಸ. ಕೊನೆಗೆ ಉಳಿದ ಆ ಒಂದು ಸೆಕೆಂಡಿನ ತುಡಿತ ಪುಟ್ಟ ಮೋಟರಿನ ಅಯಸ್ಕಾಂತವನ್ನು ಅರ್ಧ ಸುತ್ತು ತಿರುಗಿಸುತ್ತದೆ. ಶ್ರುತಿಗೆ ಇಷ್ಟವಾಗದ 'ಟಕ್' ಅದೇ.

ಈ ಹರಳು ಅತಿ ಸರಿಯಾಗಿ ನಡೆಯುವುದು 25 ಡಿಗ್ರಿ ಆಸುಪಾಸಿನಲ್ಲಿ. ಬಿಸಿಯಾದರೂ ತಣ್ಣಗಾದರೂ ನಿಧಾನವಾಗುತ್ತದೆ. 5 ಡಿಗ್ರಿಯಲ್ಲಿ ದಿನಕ್ಕೆ ಒಂದು ಸೆಕೆಂಡಿಗಿಂತ ತುಸು ಜಾಸ್ತಿ ಹಿಂದೆ ಬೀಳುತ್ತದೆ. 35ರಲ್ಲಿ ದಿನಕ್ಕೆ ಕಾಲು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಮುಂಬೈಯಲ್ಲಿ ಚಳಿ ಎಲ್ಲಿದೆ? ಕೈಮೇಲೆ ಇದ್ದರೂ, ಮೇಜಿನ ಮೇಲೆ ಇದ್ದರೂ ವಾಚ್ ಹೆಚ್ಚುಕಡಿಮೆ ಒಂದೇ ಸೆಕೆಯಲ್ಲಿ ಇರುತ್ತದೆ. ಬೆವರಿನ ಊರು ಕ್ವಾರ್ಟ್ಜಿಗೆ ಒಳ್ಳೆಯದೇ ಅನ್ನಿ. ಸಾಮಾನ್ಯ ಕ್ವಾರ್ಟ್ಜ್ ವಾಚಿನ ತಪ್ಪು ತಿಂಗಳಿಗೆ 15ರಿಂದ 20 ಸೆಕೆಂಡಿನೊಳಗೆ.

1969ರ ಡಿಸೆಂಬರ್ 25ರಂದು ಸೀಕೊ ಮೊದಲ ಕ್ವಾರ್ಟ್ಜ್ ಕೈಗಡಿಯಾರ ಮಾರಿದಾಗ ಅದರ ಬೆಲೆ 4,50,000 ಯೆನ್. ಇವತ್ತು ಅದೇ ಉಪಾಯ ಫುಟ್‌ಪಾತಿನ ವಾಚಿನಲ್ಲೂ ಇದೆ. ಕೆಲವು ನೂರು ರೂಪಾಯಿಯ ಕ್ವಾರ್ಟ್ಜಿಗೂ ಐದು ಸಾವಿರದ್ದಕ್ಕೂ ಸಮಯ ತೋರಿಸುವುದರಲ್ಲಿ ಹೇಳಿಕೊಳ್ಳುವಂಥ ಅಂತರ ಇಲ್ಲ. ಹಾಗಾದರೆ ಜಾಸ್ತಿ ದುಡ್ಡು ಕೊಡುವುದು ಯಾಕೆ? ಡಬ್ಬಿಗೆ. ಹೊರಗಿನ ಸ್ಟೀಲು, ಗಾಜು, ಹಿಂದಿನ ಮುಚ್ಚಳ, ಒಳಗಿನ ರಬ್ಬರ್ ರಿಂಗು. ಮುಂಬೈಯಲ್ಲಿ ವಾಚ್ ಸಾಯುವುದು ಹೆಚ್ಚಾಗಿ ಅಲ್ಲೇ.

ವಾಚಿನ ಹಿಂಬದಿಯಲ್ಲಿ '30 ಮೀಟರ್' ಅಂತ ಬರೆದಿದ್ದರೆ 30 ಮೀಟರ್ ಆಳಕ್ಕೆ ಧುಮುಕಬಹುದು ಅಂತ ಅರ್ಥ ಅಲ್ಲ. ಹೊಸ ವಾಚು ಪರೀಕ್ಷೆಯಲ್ಲಿ ಅಷ್ಟು ಒತ್ತಡವನ್ನು, ಅಂದರೆ 3 ಬಾರ್, ಸ್ವಲ್ಪ ಹೊತ್ತು ತಡೆದಿದೆ ಅಂತ ಅಷ್ಟೇ. ಕೈ ತೊಳೆಯುವಾಗ ಸಿಡಿಯುವ ನೀರಿಗೆ ಅದು ಸಾಕು. ಕೊಡೆ ಹಾರಿಹೋಗಿ ಸ್ಟೇಷನ್ನಿನಿಂದ ಮನೆವರೆಗೆ ನೆನೆಯುವವರಿಗೆ ಸಾಲದು. ನನ್ನ ಲೆಕ್ಕದಲ್ಲಿ 50 ಮೀಟರ್ ಕನಿಷ್ಠ, 100 ಇದ್ದರೆ ನೆಮ್ಮದಿ. ಆದರೆ ಸಮಯ ತಿರುಗಿಸುವ ಪಕ್ಕದ ಕೀ ಸ್ವಲ್ಪ ಹೊರಗೆ ಎಳೆದಿದ್ದರೆ ಇದ್ಯಾವುದೂ ಲೆಕ್ಕಕ್ಕಿಲ್ಲ.

ಕೆಡುವುದು ಹೆಚ್ಚಾಗಿ ಎರಡು ಮೂರು ವರ್ಷದ ಮೇಲೆ, ಮೊದಲ ಸಲ ಸೆಲ್ ಬದಲಿಸಿದಾಗ. ರಸ್ತೆಬದಿಯಲ್ಲಿ ಚಾಕು ಹಾಕಿ ಮುಚ್ಚಳ ಎಬ್ಬಿಸುತ್ತಾರೆ. ರಿಂಗು ತಿರುಚಿಕೊಂಡಿರುತ್ತದೆ, ಇಲ್ಲವೇ ಒಣಗಿ ಗಟ್ಟಿಯಾಗಿರುತ್ತದೆ. ಹಾಗೇ ಅದುಮಿ ಕೊಡುತ್ತಾರೆ. ವಾಚ್ ನಡೆಯುತ್ತದೆ, ನೀವು ಖುಷಿ. ಜೂನ್‌ನಲ್ಲಿ ಗಾಜಿನ ಒಳಗೆ ಮಂಜು. ಒಳಗೆ ತೇವ ಇದೆಯೋ ಇಲ್ಲವೋ ನೋಡಲು ಮನೆಯಲ್ಲೇ ಒಂದು ದಾರಿ ಇದೆ. ಕೈಮೇಲೆ ಬೆಚ್ಚಗಾದ ವಾಚಿನ ಗಾಜಿನ ಮೇಲೆ ಐಸ್ ತುಂಡನ್ನು ಒಂದು ನಿಮಿಷ ಇಡಿ. ಒರೆಸಿ. ಹೊರಗಿನ ಮಂಜು ಬಟ್ಟೆಗೆ ಹೋಗುತ್ತದೆ. ಒರೆಸಿದರೂ ಹೋಗದ ಮಂಜು ಒಳಗಿನದು. ತಯಾರಕರ ಪರೀಕ್ಷೆಯೂ ಇದೇ ಜಾಡಿನದು: ವಾಚನ್ನು 40 ಡಿಗ್ರಿ ದಾಟಿಸಿ ಬಿಸಿಮಾಡಿ ಗಾಜಿನ ಮೇಲೆ ತಣ್ಣೀರಿನ ಹನಿ ಹಾಕುತ್ತಾರೆ. ಒಳಗೆ ಮಂಜು ಕಂಡರೆ ಆ ದಿನವೇ ಬಿಚ್ಚಿಸಿ ಒಣಗಿಸಬೇಕು. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು ಕಾಯುತ್ತಾ ಕೂತರೆ ಒಳಗೆ ತುಕ್ಕು ಹಿಡಿಯುತ್ತದೆ. ಸೆಲ್ ಹಾಕಿಸುವಾಗ ಹೊಸ ರಿಂಗು ಹಾಕಿ, ಒತ್ತಡ ಪರೀಕ್ಷೆ ಮಾಡಿ ಕೊಡುವವರಲ್ಲಿಗೇ ಹೋಗಬೇಕು.

ಚರ್ಮದ ಬೆಲ್ಟ್ ಇಲ್ಲಿನ ಜುಲೈಯಲ್ಲಿ ವಾಸನೆ ಬರುತ್ತದೆ, ಬೂಷ್ಟು ಹಿಡಿಯುತ್ತದೆ. ಸ್ಟೀಲ್ ಚೈನು ಒಳ್ಳೆಯದು.

ಶ್ರುತಿ ಸುಲಭಕ್ಕೆ ಬಿಡಲಿಲ್ಲ. ರಾತ್ರಿ ಫೋನಿನಲ್ಲಿ ಕಿತ್ತಳೆ ಡಯಲಿನ ಹಳೇ ಆಟೊಮ್ಯಾಟಿಕ್ ಒಂದನ್ನು ತೋರಿಸಿದಳು. 1,900 ರೂಪಾಯಿ, ಹೊಸದರಂತೆ ಹೊಳೆಯುತ್ತಿತ್ತು. ಇಂಥ ವಾಚಿಗೆ ಹೊರದೇಶದ ಸಂಗ್ರಾಹಕರು ನಮ್ಮ ಊರಿನ ಹೆಸರನ್ನೇ ಇಟ್ಟಿದ್ದಾರೆ, 'ಮುಂಬೈ ಸ್ಪೆಷಲ್' ಅಂತ. ಹಳೇ ಯಂತ್ರಕ್ಕೆ ಬೇರೆ ಬೇರೆ ವಾಚಿನ ಬಿಡಿಭಾಗ ಸೇರಿಸಿ, ಡಯಲಿಗೆ ಹೊಸ ಬಣ್ಣ ಬಳಿದು ಮಾರುವಂಥದ್ದು. ಚಿತ್ರವನ್ನು ದೊಡ್ಡದು ಮಾಡಿ ನೋಡಿದೆವು. ಅಕ್ಷರಗಳ ಅಂಚು ಹರಡಿತ್ತು. ನಿಮಿಷದ ಗೆರೆಗಳು ಒಂದು ಕಡೆ ಅಂಚಿಗೆ ಹತ್ತಿರ, ಇನ್ನೊಂದು ಕಡೆ ದೂರ. ಅವಳೇ ನಕ್ಕು ಫೋನ್ ಮಡಗಿದಳು.

ಮರುದಿನ ಅದೇ ಅಂಗಡಿಗೆ ಹೋಗಿ ಜಿಗಿಯುವ ಮುಳ್ಳಿನದನ್ನೇ ತಂದೆವು. 34 ಮಿಲಿಮೀಟರ್ ಅಗಲ, 100 ಮೀಟರ್, ಸ್ಟೀಲ್ ಚೈನು, 4,600 ರೂಪಾಯಿ. ಚೈನು ಸಿಕ್ಕಿಸುವ ಕಾಲುಗಳ ತುದಿ ಅವಳ ಮಣಿಕಟ್ಟಿನ ಆಚೆ ಚಾಚುವುದಿಲ್ಲ ಅಂತ ಕೈಮೇಲೆ ಇಟ್ಟೇ ನೋಡಿದೆವು. ಅಗಲಕ್ಕಿಂತ ಈ ಉದ್ದವೇ ಮುಖ್ಯ. ಜುಲೈ 1ರಂದು ಫೋನಿನ ಸಮಯಕ್ಕೆ ಸರಿಮಾಡಿದಳು. 31ರಂದು ನೋಡಿದಾಗ 7 ಸೆಕೆಂಡ್ ಮುಂದಿತ್ತು. ಗಾಜಿನ ಮೇಲೆ ಐಸ್ ಇಟ್ಟಳು, ಒರೆಸಿದಳು, ಒಳಗೆ ಏನೂ ಇರಲಿಲ್ಲ. ಸೆಲ್ ಮುಗಿಯುತ್ತಾ ಬಂದಾಗ ತುಂಬಾ ಕ್ವಾರ್ಟ್ಜ್ ವಾಚುಗಳ ಮುಳ್ಳು ಎರಡೆರಡು ಸೆಕೆಂಡನ್ನು ಒಟ್ಟಿಗೆ ಜಿಗಿಯುತ್ತದೆ, ಆಗ ತಡಮಾಡಬೇಡ, ಸತ್ತ ಸೆಲ್ ಒಳಗೇ ಸೋರುತ್ತದೆ ಅಂತ ಹೇಳಿಟ್ಟಿದ್ದೇನೆ. ಉಳಿದ ದುಡ್ಡನ್ನು ಮುಟ್ಟಿಲ್ಲವಂತೆ. "ಜಾರೂ ಮುಳ್ಳಿಂದು ದೀಪಾವಳಿ ಬೋನಸ್ಸಿಗೆ, ಮಾಮಾ. ಅದು ಭಾನುವಾರ ಹಾಕ್ಕೊಳ್ಳಾಕ."