ಓದುಗರ ಪ್ರಶ್ನೆ: ಫೋಟೊ ತೋರಿಸಿದರೂ ಕುರ್ತಾ ಬೇರೆ ಥರವೇ ಬರುತ್ತದೆ, ಟೈಲರ್‌ಗೆ ಏನಂತ ಹೇಳಬೇಕು?

ಪ್ರಶ್ನೆ: ನಮ್ಮದು ಚಿಕ್ಕಮಗಳೂರು. ಬಟ್ಟೆ ಹೊಲಿಸುವುದು ಹಾಸನದಲ್ಲಿರುವ ಟೈಲರ್ ಅಕ್ಕನ ಹತ್ತಿರ. ಪ್ರತಿ ಸಲ ಹೋಗಲು ಆಗದೆ ಫೋಟೊ ಕಳಿಸುತ್ತೇನೆ. ಅವರು ‘ಯಾವ ನೆಕ್, ಎಷ್ಟು ಡೀಪ್, ಕೈ ಎಷ್ಟು ಉದ್ದ’ ಅಂತ ಕೇಳಿದರೆ ತಡವರಿಸುತ್ತೇನೆ. ಬಂದ ಕುರ್ತಾ ಒಮ್ಮೆ ತುಂಬ ಡೀಪ್, ಒಮ್ಮೆ ತುಂಬ ಉದ್ದ. ಕನಿಷ್ಠ ಯಾವ ಪದಗಳು ಗೊತ್ತಿರಬೇಕು?

ಉತ್ತರ: ಫೋಟೊ ಆಕಾರ ತೋರಿಸುತ್ತದೆ, ಅಳತೆ ತೋರಿಸುವುದಿಲ್ಲ. ಫೋಟೊದಲ್ಲಿರುವವರ ಎತ್ತರ, ಭುಜದ ಅಗಲ ನಿಮ್ಮದಲ್ಲ. ಹಾಗಾಗಿ ಪ್ರತಿ ಭಾಗಕ್ಕೂ ಎರಡು ಮಾತು ಹೇಳಬೇಕು: ಆಕಾರದ ಹೆಸರು ಒಂದು, ಎಲ್ಲಿಂದ ಎಷ್ಟು ಇಂಚು ಎನ್ನುವುದು ಇನ್ನೊಂದು. ಎರಡನೆಯದನ್ನು ಬಿಟ್ಟಾಗಲೇ ಬಟ್ಟೆ ಕೆಡುವುದು.

ಹೆಚ್ಚು ಎಡವಟ್ಟಾಗುವುದು ಕತ್ತಿನಲ್ಲಿ. ರೌಂಡ್, ವಿ, ಸ್ಕ್ವೇರ್ ನೆಕ್‌ಗಳ ಆಕಾರವನ್ನು ಹೆಸರೇ ಹೇಳುತ್ತದೆ. ಪಾಟ್ ನೆಕ್ ಅಂದರೆ ಮೇಲೆ ಕಿರಿದು, ಕೆಳಗೆ ಮಡಕೆಯಂತೆ ಅಗಲ. ಸ್ವೀಟ್‌ಹಾರ್ಟ್ ನೆಕ್‌ಗೆ ಎದೆಯ ಮೇಲೆ ಎರಡು ಕಮಾನು, ನಡುವೆ ಒಂದು ತಗ್ಗು. ಬೋಟ್ ನೆಕ್ ಕೊರಳೆಲುಬಿನ ನೇರಕ್ಕೆ ಒಂದು ಭುಜದ ಕಡೆಯಿಂದ ಇನ್ನೊಂದರ ಕಡೆಗೆ ಅಡ್ಡಲಾಗಿ ಹೋಗುತ್ತದೆ. ಅದರಲ್ಲಿ ಆಳ ಕಡಿಮೆ, ಮೂರು ಮೂರೂವರೆ ಇಂಚು ಸಾಕು. ಅಗಲವೇ ಅದರ ಲಕ್ಷಣ. ಆದ್ದರಿಂದ ‘ಬೋಟ್ ನೆಕ್, ಆದರೆ ಏಳು ಇಂಚು ಡೀಪ್’ ಎಂದರೆ ಟೈಲರ್ ತಲೆ ಕೆರೆದುಕೊಳ್ಳುವುದು ಸಹಜ. ಅಷ್ಟು ಇಳಿಸಿದರೆ ಅದು ಬೋಟ್ ನೆಕ್ ಆಗಿ ಉಳಿಯುವುದಿಲ್ಲ.

ಇನ್ನು ಆಳ. ಕತ್ತಿನ ಪಕ್ಕ ಭುಜ ಶುರುವಾಗುವ ಜಾಗದಲ್ಲಿ ಟೇಪಿನ ತುದಿ ಇಟ್ಟು ನೇರ ಕೆಳಗೆ ಬಿಡಬೇಕು. ಟೈಲರ್ ಹೇಳುವ ‘ಡೀಪ್’ ಅಲ್ಲಿಂದ ಲೆಕ್ಕ. ಮನೆಯಲ್ಲಿ ಕನ್ನಡಿ ಮುಂದೆ ಅಳೆಯುವವರು ಸಾಮಾನ್ಯವಾಗಿ ಗಂಟಲ ಕೆಳಗಿನ ಗುಳಿಯಿಂದ ಅಳೆಯುತ್ತಾರೆ. ಆ ಗುಳಿ ಭುಜದ ಬಿಂದುವಿಗಿಂತ ಸುಮಾರು ಮೂರು ಇಂಚು ಕೆಳಗಿದೆ. ಗುಳಿಯಿಂದ 4 ಇಂಚು ಬೇಕೆಂದುಕೊಂಡು ‘4 ಇಂಚು ಡೀಪ್’ ಎಂದು ಬರೆದು ಕಳಿಸಿದರೆ ಕತ್ತು ಬಿಗಿದಂತೆ ಬರುತ್ತದೆ, ಏಕೆಂದರೆ ಟೈಲರ್‌ಗೆ ಹೇಳಬೇಕಿದ್ದದ್ದು 7. ಬಟ್ಟೆ ಬಂದ ಮೇಲೆ ನೆಕ್ ನೀವು ಹೇಳಿದ್ದಕ್ಕಿಂತ ಎರಡು ಮೂರು ಇಂಚು ಮೇಲೆ ಅಥವಾ ಕೆಳಗೆ ಇದ್ದರೆ ಕತ್ತರಿಯ ತಪ್ಪಲ್ಲ, ಇಬ್ಬರೂ ಬೇರೆ ಬೇರೆ ಜಾಗದಿಂದ ಅಳೆದಿದ್ದೀರಿ.

ಹಿಂದಿನ ನೆಕ್ ಬೇರೆಯಾಗಿ ಹೇಳಲೇಬೇಕು. ಮುಂದೆಯೂ ಹಿಂದೆಯೂ ಅಗಲ, ಆಳ ಎರಡೂ ಜಾಸ್ತಿಯಾದರೆ ಭುಜದ ಪಟ್ಟಿಗೆ ಹಿಡಿತ ಇಲ್ಲದೆ ಬಟ್ಟೆ ಜಾರುತ್ತದೆ. ಒಂದು ಕಡೆ ಆಳ ಬಿಟ್ಟರೆ ಇನ್ನೊಂದು ಕಡೆ ಮೇಲಿರಲಿ, ಇಲ್ಲವೇ ಹಿಂದೆ ಕಟ್ಟಲು ಡೋರಿ ಹಾಕಿಸಿ. ಇನ್ನೊಂದು ಮಾತು: ನೆಕ್ ಚಿಕ್ಕದಾದರೆ ತಲೆ ತೂರುವುದಿಲ್ಲ. ದೊಡ್ಡವರ ತಲೆಯ ಸುತ್ತಳತೆ ಸಾಮಾನ್ಯವಾಗಿ 22 ಇಂಚಿನ ಆಸುಪಾಸು. ನೆಕ್ಕಿನ ಒಟ್ಟು ಸುತ್ತಳತೆ ಅದಕ್ಕಿಂತ ಕಡಿಮೆ ಇದ್ದರೆ ಮುಂದೆ ಗುಂಡಿ ಪಟ್ಟಿ, ಹಿಂದೆ ಹುಕ್ ಅಥವಾ ಜಿಪ್ ಬೇಕು. ಎಲ್ಲಿ ಬೇಕೆಂದು ಮೊದಲೇ ಹೇಳಿ, ಹೊಲಿದ ಮೇಲೆ ಸೀಳಿದರೆ ಅಂದ ಕೆಡುತ್ತದೆ.

ಕಾಲರ್ ಎಂದರೆ ಕತ್ತಿನ ಅಂಚಿಗೆ ಬೇರೆಯಾಗಿ ಕತ್ತರಿಸಿ ಕೂರಿಸಿದ ತುಂಡು. ನೆಕ್ ಹೆಸರನ್ನೂ ಕಾಲರ್ ಹೆಸರನ್ನೂ ಬೆರೆಸಬೇಡಿ. ನಿಂತ ಪಟ್ಟಿ ಮಾತ್ರ ಇದ್ದು ಮುಂದೆ ಸ್ವಲ್ಪ ಜಾಗ ಬಿಟ್ಟಿದ್ದರೆ ಚೈನೀಸ್ ಕಾಲರ್. ಆ ಪಟ್ಟಿಯ ಮೇಲೆ ಹೊರಗೆ ಮಡಚಿ ಬೀಳುವ ಭಾಗವೂ ಇದ್ದರೆ ಶರ್ಟ್ ಕಾಲರ್. ನಿಂತ ಪಟ್ಟಿಯೇ ಇಲ್ಲದೆ ದುಂಡು ಅಂಚಿನಿಂದ ಭುಜದ ಮೇಲೆ ಚಪ್ಪಟೆ ಮಲಗಿದ್ದರೆ ಪೀಟರ್ ಪ್ಯಾನ್ ಕಾಲರ್, ಮಕ್ಕಳ ಫ್ರಾಕಿನಲ್ಲಿ ಕಾಣುವುದು ಇದೇ. ಚೈನೀಸ್ ಕಾಲರ್ ಕೇಳಿದರೆ ಪಟ್ಟಿಯ ಎತ್ತರವನ್ನೂ ಹೇಳಿ. ಒಂದೂಕಾಲು ಇಂಚು ಹೆಚ್ಚಿನವರಿಗೆ ಹೊಂದುತ್ತದೆ, ಗಿಡ್ಡ ಕತ್ತಿಗೆ ಒಂದೇ ಇಂಚು ವಾಸಿ. ಅದಕ್ಕಿಂತ ಏರಿದರೆ ಗಲ್ಲಕ್ಕೆ ತಾಗುತ್ತದೆ. ನೆಕ್ ಕತ್ತಿನ ಬುಡಕ್ಕೆ ಹತ್ತಿರವಿರಬೇಕು, ಅಗಲ ಬಿಟ್ಟರೆ ಪಟ್ಟಿ ನಿಲ್ಲದೆ ಹೊರಕ್ಕೆ ವಾಲುತ್ತದೆ.

ತೋಳಿನ ಉದ್ದವನ್ನು ಭುಜದ ತುದಿಯ ಮೂಳೆಯಿಂದ ಅಳೆಯುತ್ತಾರೆ. ಕ್ಯಾಪ್ ಸ್ಲೀವ್ ಭುಜದ ತುದಿಯನ್ನಷ್ಟೇ ಮುಚ್ಚುತ್ತದೆ, ಕಂಕುಳ ಕೆಳಗೆ ಬಟ್ಟೆ ಇರುವುದೇ ಇಲ್ಲ. ಶಾರ್ಟ್ ಸ್ಲೀವ್ ಐದಾರು ಇಂಚು. ಎಲ್ಬೋ ಸ್ಲೀವ್ ಮೊಣಕೈವರೆಗೆ, ತ್ರೀ ಫೋರ್ತ್ ಮೊಣಕೈ ಮತ್ತು ಮಣಿಕಟ್ಟಿನ ನಡುವೆ. ಎಲ್ಬೋಗೆ ಅಳತೆ ಕೊಡುವಾಗ ಕೈ ಸ್ವಲ್ಪ ಮಡಚಿ. ನೇರ ಕೈಗೆ ಅಳೆದು ಅಂಚು ಸರಿಯಾಗಿ ಮೊಣಕೈ ಮೂಳೆಯ ಮೇಲೆ ಬಂದರೆ ಕೈ ಮಡಚಿದಾಗಲೆಲ್ಲ ಎಳೆಯುತ್ತದೆ. ಒಂದಿಂಚು ಮೇಲೆ ಅಥವಾ ಕೆಳಗೆ ನಿಲ್ಲಿಸುವುದು ಒಳ್ಳೆಯದು. ತೋಳಿನ ಕೊನೆಯ ಸುತ್ತಳತೆ, ಅಂದರೆ ರೌಂಡ್, ಮರೆಯಬೇಡಿ. ಅಂಚು ಬೀಳುವ ಜಾಗದಲ್ಲಿ ತೋಳನ್ನು ಸುತ್ತಿ ಅಳೆದು ಒಂದಿಂಚು ಸೇರಿಸಿ.

‘ಪಫ್ ಕೈ’ ಎಂದಷ್ಟೇ ಹೇಳಿದರೆ ಸಾಲದು. ಭುಜದ ಕಡೆ ಮಾತ್ರ ನೆರಿಗೆಯೋ, ಕೆಳಗೆ ಪಟ್ಟಿ ಅಥವಾ ಎಲಾಸ್ಟಿಕ್ ಹಾಕಿ ಅಲ್ಲೂ ನೆರಿಗೆಯೋ ಎಂದು ಹೇಳಬೇಕು. ಮೊದಲನೆಯದು ಉಬ್ಬಿ ಕೆಳಗೆ ನೇರವಾಗುತ್ತದೆ, ಎರಡನೆಯದು ಎರಡೂ ಕಡೆ ಹಿಡಿದ ಬಲೂನಿನಂತೆ ಕೂರುತ್ತದೆ. ಬೆಲ್ ಸ್ಲೀವ್ ಇದರ ವಿರುದ್ಧ, ಮೇಲೆ ನಯವಾಗಿದ್ದು ಕೆಳಗೆ ಅರಳುತ್ತದೆ. ಅಡುಗೆಮನೆ ಕೆಲಸ ಇರುವ ದಿನಕ್ಕೆ ಬೆಲ್ ಸ್ಲೀವ್ ಬೇಡ.

ಉದ್ದಕ್ಕೆ ಬಂದರೆ, ಕುರ್ತಾವನ್ನು ಭುಜದ ಆ ಮೇಲಿನ ಬಿಂದುವಿನಿಂದ, ಸ್ಕರ್ಟು ಪ್ಯಾಂಟುಗಳನ್ನು ಸೊಂಟದಿಂದ ಅಳೆಯುತ್ತಾರೆ. ನೀ ಲೆಂತ್ ಎಂದರೆ ಮಂಡಿವರೆಗೆ, ಮಿಡಿ ಎಂದರೆ ಮೀನಖಂಡದ ನಡುವೆ, ಆಂಕಲ್ ಲೆಂತ್ ಎಂದರೆ ಪಾದದ ಗಂಟಿನವರೆಗೆ, ಫ್ಲೋರ್ ಲೆಂತ್ ಎಂದರೆ ನೆಲದ ಹತ್ತಿರ. ಅಂಗಡಿಯಲ್ಲಿ ‘42ರ ಕುರ್ತಾ’ ಎಂದು ಕೇಳಿ ಅದೇ ಹೇಳುವುದು ಮೋಸ. 5 ಅಡಿ 2 ಇಂಚಿನವರಿಗೆ ಅದು ಮಂಡಿಯಿಂದ ಐದಾರು ಇಂಚು ಕೆಳಗೆ ಬೀಳಬಹುದು, 5 ಅಡಿ 7 ಇಂಚಿನವರಿಗೆ ಮೂರು ನಾಲ್ಕು ಇಂಚಷ್ಟೇ. ಅದಕ್ಕೆ ದೇಹದ ಜಾಗವನ್ನೂ ಹೇಳಿ, ಇಂಚನ್ನೂ ಹೇಳಿ. ಫ್ಲೋರ್ ಲೆಂತ್ ಆದರೆ ಅಂದು ಹಾಕುವ ಚಪ್ಪಲಿ ತೊಟ್ಟೇ ಅಳೆಸಿ ಒಂದಿಂಚು ಮೇಲೆ ಬಿಡಿಸಿ. ಜುಲೈ ಆಗಸ್ಟ್ ಮಳೆಯಲ್ಲಿ ಮಲೆನಾಡಿನ ಮದುವೆಗೆ ಹೋಗುವುದಿದ್ದರೆ ಆಂಕಲ್ ಲೆಂತ್‌ಗೇ ನಿಲ್ಲಿಸಿ, ಕೆಸರು ಅಂಚಿನಿಂದ ಮೇಲಕ್ಕೆ ಹತ್ತುತ್ತದೆ. ಕಾಟನ್ ಬಟ್ಟೆಯನ್ನು ಕೊಡುವ ಮೊದಲು ನೀರಲ್ಲಿ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಉದ್ದ ಕಡಿಮೆಯಾಗಬಹುದು. ಅಂಚಿನೊಳಗೆ ಒಂದೂವರೆ ಇಂಚು ಮಡಿಕೆ ಬಿಡಿಸಿದ್ದರೆ ಆಮೇಲೆ ಇಳಿಸಿಕೊಳ್ಳಬಹುದು.

ನಿಮ್ಮ ಎತ್ತರ 5 ಅಡಿ 2 ಇಂಚು, ಕಚೇರಿಗೆ ಹಾಕುವ ಕುರ್ತಾ ಎಂದುಕೊಳ್ಳೋಣ. ಮೆಸೇಜು ಹೀಗಿರಲಿ:

“ಅಕ್ಕಾ, ಮುಂದೆ ವಿ ನೆಕ್, ಭುಜದಿಂದ 6 ಇಂಚು ಡೀಪ್, ಹಿಂದೆ ರೌಂಡ್ 3 ಇಂಚು. ಕಾಲರ್ ಬೇಡ. ಕೈ ತ್ರೀ ಫೋರ್ತ್, ಭುಜದ ತುದಿಯಿಂದ 16 ಇಂಚು, ಕೊನೆಯ ರೌಂಡ್ 10. ಪಫ್ ಬೇಡ, ನೇರ ಕೈ. ಉದ್ದ ಭುಜದಿಂದ 39, ಮಂಡಿಯಿಂದ ಮೂರು ಇಂಚು ಕೆಳಗೆ ಬರಬೇಕು. ಎರಡೂ ಪಕ್ಕ ಸ್ಲಿಟ್ ಇರಲಿ. ಬಟ್ಟೆ ನೆನೆಸಿ ಒಣಗಿಸಿದ್ದೇನೆ, ಅಂಚಿಗೆ ಒಂದೂವರೆ ಇಂಚು ಮಡಿಕೆ ಬಿಡಿ.”

ಇದರಲ್ಲಿ 39 ಮತ್ತು ‘ಮಂಡಿಯಿಂದ ಮೂರು ಇಂಚು’ ಹೊಂದದಿದ್ದರೆ ಅಕ್ಕ ಕತ್ತರಿಸುವ ಮೊದಲೇ ಫೋನ್ ಮಾಡುತ್ತಾರೆ. ಸ್ಲಿಟ್ ಎಲ್ಲಿಂದ ಶುರುವಾಗಬೇಕು, ಲೈನಿಂಗ್ ಬೇಕೇ ಎಂಬುದನ್ನು ಅದೇ ಫೋನಿನಲ್ಲಿ ತೀರ್ಮಾನಿಸಿಕೊಳ್ಳಿ.